2,400 ಬಿಲ್, ಮೂರು ಸಾಲು

“ಜಿಎಸ್‌ಟಿ ಮತ್ತು ಟ್ಯಾಲಿ ಕೆಲಸದಲ್ಲಿ ಪ್ರಾಯೋಗಿಕ ಅನುಭವ ಪಡೆದಿದ್ದೇನೆ.” ಬಿ.ಕಾಂ. ಮುಗಿಸಿ ಕೆಲಸ ಹುಡುಕುವವರ ರೆಸ್ಯೂಮೆಯಲ್ಲಿ ಇಂಟರ್ನ್‌ಶಿಪ್ ಎಂಬ ತಲೆಬರಹದ ಕೆಳಗೆ ಈ ಸಾಲು, ಇಲ್ಲವೇ ಇದರ ಅಣ್ಣನೋ ತಮ್ಮನೋ ಆದ ಇನ್ನೊಂದು ಸಾಲು ಇದ್ದೇ ಇರುತ್ತದೆ. ಸಾಲು ಸುಳ್ಳಲ್ಲ. ಆದರೆ ಹೆಸರು ಅಳಿಸಿ ಪಕ್ಕದ ಬೆಂಚಿನವರ ರೆಸ್ಯೂಮೆಗೆ ಅಂಟಿಸಿದರೂ ಅದು ಅಷ್ಟೇ ನಿಜವಾಗಿರುತ್ತದೆ. ನಲವತ್ತು ಅರ್ಜಿ ಮುಂದಿಟ್ಟುಕೊಂಡು ಐದು ಜನರನ್ನು ಕರೆಯಬೇಕಾದವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಈ ಹುಡುಗಿ ಎರಡು ತಿಂಗಳು ಆಡಿಟರ್ ಆಫೀಸಿನಲ್ಲಿ ಕೂತು ನಿಜಕ್ಕೂ ಏನು ಮಾಡಿದಳು ಎಂಬುದು ಆ ಸಾಲಿನ ಹೊರಗೇ ಉಳಿದುಬಿಡುತ್ತದೆ.

ರೆಸ್ಯೂಮೆಯ ಬುಲೆಟ್ ಸಾಲು ಹೇಗಿರಬೇಕು ಎಂಬುದಕ್ಕೆ ಹೆಚ್ಚು ಓಡಾಡುವ ಸೂತ್ರ ಗೂಗಲ್‌ನ ಮಾನವ ಸಂಪನ್ಮೂಲ ವಿಭಾಗವನ್ನು ಹಲವು ವರ್ಷ ನಡೆಸಿದ ಲಾಸ್ಲೊ ಬಾಕ್ ಅವರದು. 2014ರಲ್ಲಿ ಲಿಂಕ್ಡ್‌ಇನ್‌ನಲ್ಲಿ ಬರೆದ ಲೇಖನದಲ್ಲಿ ಅವರು ಅದನ್ನು ಮೂರು ತುಂಡಾಗಿ ಹೇಳಿದರು. ಏನು ಸಾಧಿಸಿದಿರಿ, ಅದನ್ನು ಯಾವ ಅಳತೆಯಿಂದ ತೋರಿಸುತ್ತೀರಿ, ಏನು ಮಾಡಿ ಸಾಧಿಸಿದಿರಿ. ಸೂತ್ರ ಚೆನ್ನಾಗಿದೆ. ಆದರೆ ವರ್ಷಗಟ್ಟಲೆ ದುಡಿದವರಿಗೆ ಹೊಂದುವಷ್ಟು ಸಲೀಸಾಗಿ ಅದು ಎಂಟು ವಾರದ ಇಂಟರ್ನ್‌ಗೆ ಹೊಂದುವುದಿಲ್ಲ. ಇಂಟರ್ನ್ ಕೈಗೆ ಬರುವುದು ಕೆಲಸದ ಒಂದು ತುಣುಕು, ಫಲಿತಾಂಶ ಬರುವ ಹೊತ್ತಿಗೆ ಅವರು ಕಾಲೇಜಿಗೆ ಮರಳಿರುತ್ತಾರೆ. ಆಗ ಒಬ್ಬರು ಅಂಕಿಯನ್ನೇ ಬಿಟ್ಟುಬಿಡುತ್ತಾರೆ, ಇನ್ನೊಬ್ಬರು “ದಕ್ಷತೆಯನ್ನು ಶೇ. 40ರಷ್ಟು ಹೆಚ್ಚಿಸಿದೆ” ಎಂದು ಎಲ್ಲಿಂದಲೋ ಒಂದು ಅಂಕಿ ತಂದು ಕೂರಿಸುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ಸಂದರ್ಶನದಲ್ಲಿ ಯಾರಾದರೂ “ಯಾವುದರ ಶೇಕಡಾ 40?” ಎಂದು ಕೇಳಿದರೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಇಂಟರ್ನ್‌ಗೆ ಅಂಕಿ ಎಲ್ಲಿ ಸಿಗುತ್ತದೆ? ಅವಳು ಕೈಯಾಡಿಸಿದ ಕಡತದಲ್ಲೇ. ಒಂದು ಉದಾಹರಣೆಯನ್ನು ಕೊನೆಯವರೆಗೂ ಬಿಡಿಸಿ ನೋಡೋಣ. ಅಂಕಿಗಳು ಉದಾಹರಣೆಗೆಂದು ನಾನೇ ಇಟ್ಟುಕೊಂಡವು. ಕೆಲಸ ಮಾತ್ರ ರಾಜ್ಯದ ಯಾವ ಊರಿನ ಆಡಿಟರ್ ಆಫೀಸಿಗೆ ಹೋದರೂ ಕಾಣುವಂಥದ್ದು.

ದಾವಣಗೆರೆಯ ಒಂದು ಆಡಿಟರ್ ಆಫೀಸು ಎಂದುಕೊಳ್ಳಿ. ಜುಲೈ, ಆಗಸ್ಟ್ ಎರಡು ತಿಂಗಳು ನಮ್ಮ ವಿದ್ಯಾರ್ಥಿನಿ ಅಲ್ಲಿ ಇಂಟರ್ನ್. ಅವಳಿಗೆ ವಹಿಸಿದ್ದು ಆರು ವ್ಯಾಪಾರಿಗಳ ಖರೀದಿ ಬಿಲ್‌ಗಳನ್ನು ಜಿಎಸ್‌ಟಿ ಪೋರ್ಟಲ್‌ನ ಪಟ್ಟಿಯ ಜತೆ ತಾಳೆ ನೋಡುವ ಕೆಲಸ. ಆಫೀಸಿನ ಭಾಷೆಯಲ್ಲಿ ಇದು ರಿಕನ್ಸಿಲಿಯೇಷನ್.

ಈ ಕೆಲಸ ಯಾಕಿದೆ ಎಂಬುದು ಅರ್ಥವಾಗದೆ ಇದರ ಫಲಿತಾಂಶ ಏನು ಎಂದು ಬರೆಯಲಾಗದು. ಅಂಗಡಿಯವರು ಸರಕು ಕೊಳ್ಳುವಾಗ ಜಿಎಸ್‌ಟಿ ಕಟ್ಟಿರುತ್ತಾರೆ, ಮಾರುವಾಗ ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡಿರುತ್ತಾರೆ. ಸರ್ಕಾರಕ್ಕೆ ಕಟ್ಟುವಾಗ ಮೊದಲು ಕೊಟ್ಟದ್ದನ್ನು ಕಳೆದುಕೊಂಡು ಉಳಿದದ್ದನ್ನು ಕಟ್ಟಬಹುದು. ಇದೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ಆದರೆ 2022ರ ಜನವರಿಯಿಂದ, ಸರಕು ಮಾರಿದವರು ತಮ್ಮ ರಿಟರ್ನ್‌ನಲ್ಲಿ ಆ ಬಿಲ್ ತೋರಿಸಿದ್ದರೆ ಮಾತ್ರ ಆ ಕ್ರೆಡಿಟ್ ಸಿಗುತ್ತದೆ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಮಾರಾಟಗಾರರು ಹಿಂದಿನ ತಿಂಗಳ ಬಿಲ್‌ಗಳನ್ನು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1ರಲ್ಲಿ ತೋರಿಸಬೇಕು. 14ನೇ ತಾರೀಖು ಕೊಂಡವರ ಖಾತೆಯಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ಬರುತ್ತದೆ. 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. ಹೀಗಾಗಿ 14ರಿಂದ 20ರವರೆಗೆ ಆಡಿಟರ್ ಆಫೀಸಿನಲ್ಲಿ ಯಾರನ್ನೂ ಮಾತಾಡಿಸುವಂತಿಲ್ಲ. ಟ್ಯಾಲಿಯಲ್ಲಿರುವ ಖರೀದಿ ಪಟ್ಟಿ ಒಂದು ಕಡೆ, 2ಬಿ ಇನ್ನೊಂದು ಕಡೆ. ಯಾವ ಬಿಲ್ ಎರಡರಲ್ಲೂ ಇದೆ, ಯಾವುದು ಇಲ್ಲ ಎಂದು ಆ ಆರೇಳು ದಿನದಲ್ಲಿ ತಿಳಿಯಬೇಕು.

ಜುಲೈನಲ್ಲಿ ಅವಳ ಮುಂದೆ ಬಂದದ್ದು ಜೂನ್ ತಿಂಗಳ 1,130 ಬಿಲ್. ಎಕ್ಸೆಲ್‌ನಲ್ಲಿ ಎರಡೂ ಪಟ್ಟಿ ಹಾಕಿ ವಿಲುಕ್‌ಅಪ್ ಕೊಟ್ಟಾಗ 310 ಬಿಲ್ ತಾಳೆಯಾಗಲಿಲ್ಲ. ಒಂದೊಂದನ್ನೇ ತೆಗೆದು ನೋಡಿದರೆ ಅದರಲ್ಲಿ 210 ಬಿಲ್‌ಗಳಲ್ಲಿ ತಪ್ಪೇ ಇರಲಿಲ್ಲ. ಅಂಗಡಿಯವರ ಲೆಕ್ಕದ ಹುಡುಗ ಟ್ಯಾಲಿಯಲ್ಲಿ “ಎಸ್‌ಬಿ23” ಎಂದು ಹೊಡೆದಿದ್ದ, ಮಾರಿದವರು ಪೋರ್ಟಲ್‌ನಲ್ಲಿ “ಎಸ್‌ಬಿ/23” ಎಂದು ತೋರಿಸಿದ್ದರು. ಮನುಷ್ಯರ ಕಣ್ಣಿಗೆ ಎರಡೂ ಒಂದೇ, ಎಕ್ಸೆಲ್‌ಗೆ ಬೇರೆ ಬೇರೆ. ಉಳಿದ ನೂರರಲ್ಲಿ 60 ಬಿಲ್‌ಗಳನ್ನು ಮಾರಿದವರು ಇನ್ನೂ ತೋರಿಸಿಯೇ ಇರಲಿಲ್ಲ, 40ರಲ್ಲಿ ಟ್ಯಾಲಿಗೆ ಹಾಕುವಾಗಲೇ ಮೊತ್ತವೋ ಜಿಎಸ್‌ಟಿ ಸಂಖ್ಯೆಯೋ ತಪ್ಪಾಗಿತ್ತು. ಈ ವಿಂಗಡಣೆಗೆ ಭಾನುವಾರ ಕಳೆದು ಆರು ದಿನ ಹಿಡಿದು, ಕೆಲಸ ಮುಗಿದದ್ದು 20ರಂದೇ.

ಆಗಸ್ಟ್‌ಗೆ ಮೊದಲು ಅವಳು ಒಂದು ಸಣ್ಣ ಕೆಲಸ ಮಾಡಿಟ್ಟುಕೊಂಡಳು. ಎರಡೂ ಪಟ್ಟಿಯಲ್ಲಿ ಮಾರಿದವರ ಜಿಎಸ್‌ಟಿ ಸಂಖ್ಯೆಗೆ ಬಿಲ್ ನಂಬರನ್ನು ಸೇರಿಸಿ, ನಡುವಿನ ಗೆರೆಗಳನ್ನು ತೆಗೆದುಹಾಕುವ ಒಂದು ಕಾಲಂ.

```
=A2&SUBSTITUTE(SUBSTITUTE(B2,"/",""),"-","")
```

ಆ ತಿಂಗಳು ಬಂದದ್ದು ಜುಲೈನ 1,270 ಬಿಲ್. ತಾಳೆಯಾಗದೆ ಉಳಿದದ್ದು 90. 15ರ ರಜೆ ಬಿಟ್ಟು 14, 16, 17 ಮೂರು ದಿನದಲ್ಲಿ ಕೆಲಸ ಮುಗಿಯಿತು. ಆ 90ರಲ್ಲಿ 50 ಬಿಲ್ ಮಾರಿದವರು ತೋರಿಸದೆ ಬಿಟ್ಟವು, 30 ನಮೂದಿಸುವಾಗಿನ ತಪ್ಪು, 10 ಮಾತ್ರ ನಂಬರಿನ ಬರಹದ ವ್ಯತ್ಯಾಸ.

ಇಷ್ಟೆಲ್ಲ ನಡೆದ ಮೇಲೆ ಆ ಹುಡುಗಿ ರೆಸ್ಯೂಮೆಯಲ್ಲಿ ಬರೆಯುವುದು “ಜಿಎಸ್‌ಟಿ ಮತ್ತು ಟ್ಯಾಲಿ ಕೆಲಸದಲ್ಲಿ ಪ್ರಾಯೋಗಿಕ ಅನುಭವ” ಎಂದು!

ಮೊದಲು ಕ್ರಿಯಾಪದ. ಕೆಲಸ ಹುಡುಕುವ ರೆಸ್ಯೂಮೆ ನಮ್ಮಲ್ಲಿ ಬಹುಪಾಲು ಇಂಗ್ಲಿಷಿನಲ್ಲೇ ಹೋಗುತ್ತದೆ. ಅಲ್ಲಿ ಬುಲೆಟ್ ಸಾಲು “ಐ” ಇಲ್ಲದೆ, ನೇರವಾಗಿ ಕ್ರಿಯಾಪದದಿಂದ ಶುರುವಾಗಬೇಕು. ಮುಗಿದ ಇಂಟರ್ನ್‌ಶಿಪ್ ಆದರೆ ಭೂತಕಾಲ. ಕಾಲೇಜಿನ ಮಾದರಿ ರೆಸ್ಯೂಮೆಗಳಿಂದ ಇಳಿದುಬರುವ “ರೆಸ್ಪಾನ್ಸಿಬಲ್ ಫಾರ್”, “ಇನ್‌ವಾಲ್ವ್ಡ್ ಇನ್”, “ಗೇನ್ಡ್ ಎಕ್ಸ್‌ಪೋಷರ್ ಟು” ಇವೆಲ್ಲ ಕೆಲಸದ ಹತ್ತಿರ ನಿಂತಿದ್ದವರು ಹೇಳುವ ಮಾತು, ಮಾಡಿದವರದಲ್ಲ. ಹಾಗೆಂದು ಅಂತರ್ಜಾಲದಲ್ಲಿ ಸಿಗುವ ಪವರ್ ವರ್ಡ್ಸ್ ಪಟ್ಟಿಯಿಂದ “ಸ್ಪಿಯರ್‌ಹೆಡೆಡ್”, “ಆರ್ಕೆಸ್ಟ್ರೇಟೆಡ್” ಎಂಬಂಥವನ್ನು ಹೆಕ್ಕಿ ತಂದರೆ ಅಪ್ಪನ ಕೋಟು ಹಾಕಿಕೊಂಡು ಮದುವೆಗೆ ಹೊರಟ ಹುಡುಗನ ಹಾಗೆ ಕಾಣುತ್ತದೆ. ಎರಡು ತಿಂಗಳ ಇಂಟರ್ನ್ ಆಡಿಟರ್ ಆಫೀಸಿನಲ್ಲಿ ಯಾವುದನ್ನೂ ಮುನ್ನಡೆಸಿರುವುದಿಲ್ಲ, ಓದುವವರಿಗೂ ಅದು ಗೊತ್ತು.

ಸರಿಯಾದ ಕ್ರಿಯಾಪದ ಹುಡುಕಲು ನಾನು ನಂಬುವ ಉಪಾಯ ಒಂದೇ. ನಾಳೆ ಹೊಸ ಕಂಪನಿಯವರು ಆ ಆಫೀಸಿಗೆ ಫೋನ್ ಮಾಡಿದರೆ ಅಲ್ಲಿನ ಸೀನಿಯರ್ ಏನೆನ್ನುತ್ತಾರೆ? “ತಾಳೆ ನೋಡಿದ್ದು ಅವಳೇ. ಎಕ್ಸೆಲ್ ಶೀಟೂ ಅವಳೇ ಮಾಡಿದ್ದು. 3ಬಿ ಸಲ್ಲಿಸುವುದು ಮಾತ್ರ ನಾವು, ಆ ಲೆಕ್ಕ ಹಾಕೋಕೆ ಜತೆಗಿದ್ದಳು.” ಈ ಮೂರು ವಾಕ್ಯದಲ್ಲಿ ಮೂರು ಕ್ರಿಯಾಪದ ಇವೆ. ಮೊದಲನೆಯದಕ್ಕೆ “ರಿಕನ್ಸೈಲ್ಡ್”, ಎರಡನೆಯದಕ್ಕೆ “ಬಿಲ್ಟ್”, ಮೂರನೆಯದಕ್ಕೆ “ಅಸಿಸ್ಟೆಡ್”. “ಅಸಿಸ್ಟೆಡ್” ಬರೆಯಬಾರದು ಎಂದು ಕೆಲವರು ಕಟ್ಟಾಜ್ಞೆ ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಹಾಯ ಮಾಡಿದ ಕಡೆ ಸಹಾಯ ಎಂದೇ ಬರೆದವರ “ಬಿಲ್ಟ್” ಎಂಬ ಮಾತಿಗೂ ಬೆಲೆ ಬರುತ್ತದೆ. ಎಲ್ಲ ಸಾಲಿನಲ್ಲೂ ಅದೇ ಬಂದರೆ ಮಾತ್ರ ತೊಂದರೆ.

ಆಡಿಟರ್ ಆಫೀಸಿನ ಇಂಟರ್ನ್‌ಗಳು ಮುಟ್ಟಬಾರದ ಕ್ರಿಯಾಪದವೊಂದಿದೆ: “ಆಡಿಟೆಡ್”. ಕಂಪನಿಯ ಲೆಕ್ಕ ಆಡಿಟ್ ಮಾಡಿ ಸಹಿ ಹಾಕುವ ಅಧಿಕಾರ ಚಾರ್ಟರ್ಡ್ ಅಕೌಂಟೆಂಟ್‌ಗೆ ಮಾತ್ರ. ಇಂಟರ್ನ್ ಮಾಡುವುದು ವೋಚಿಂಗ್, ಅಂದರೆ ಖಾತೆಯಲ್ಲಿ ಬರೆದದ್ದಕ್ಕೆ ಬಿಲ್ಲೋ ವೋಚರೋ ಇದೆಯೇ ಎಂದು ನೋಡುವ ಕೆಲಸ. ಹಾಗೆಂದೇ ಬರೆದರೆ ಓದುವ ಸಿಎಗೆ ಕೆಲಸ ಗೊತ್ತಿರುವವರು ಎಂದು ತಿಳಿಯುತ್ತದೆ. ಹಾಗೆಯೇ “ಆರ್ಟಿಕಲ್‌ಶಿಪ್” ಎಂಬ ಮಾತು ಸಿಎ ಓದುವವರು ಇನ್‌ಸ್ಟಿಟ್ಯೂಟ್‌ನಲ್ಲಿ ನೋಂದಾಯಿಸಿಕೊಂಡು ಮಾಡುವ ತರಬೇತಿಗೆ ಮೀಸಲು. ಬಿ.ಕಾಂ. ಇಂಟರ್ನ್‌ಶಿಪ್‌ಗೆ ಆ ಹೆಸರು ಹಾಕಿದರೆ ಉಳಿದ ಸಾಲುಗಳನ್ನೂ ಅನುಮಾನದಿಂದ ಓದುತ್ತಾರೆ.

ಈಗ ಅಂಕಿಗೆ ಬರೋಣ. ಕಷ್ಟ ಇರುವುದು ಇಲ್ಲೇ.

ನಮ್ಮ ವಿದ್ಯಾರ್ಥಿನಿಯ ಕೈಯಲ್ಲಿ ಮೂರು ಬಗೆಯ ಅಂಕಿ ಇವೆ. ಒಂದು ಕೆಲಸದ ಗಾತ್ರ: ಆರು ವ್ಯಾಪಾರಿ, ಎರಡು ತಿಂಗಳು, 2,400 ಬಿಲ್. ಇದು ಫಲಿತಾಂಶವಲ್ಲ, ಆದರೂ ಇದಕ್ಕೆ ಬೆಲೆಯಿದೆ. ಅಕೌಂಟ್ಸ್ ವಿಭಾಗದವರು ಓದಿದ ತಕ್ಷಣ ತಮ್ಮಲ್ಲಿ ತಿಂಗಳಿಗೆ ಬರುವ ಬಿಲ್ ಎಷ್ಟು ಎಂದು ಮನಸ್ಸಿನಲ್ಲೇ ಹೋಲಿಸುತ್ತಾರೆ. ಎರಡನೆಯದು ಕಂಡುಹಿಡಿದದ್ದು: ಎರಡು ತಿಂಗಳಲ್ಲಿ ತಾಳೆಯಾಗದ 400 ಬಿಲ್‌ಗಳಿಗೂ ಕಾರಣ ಹುಡುಕಿದ್ದು. ಮೂರನೆಯದು ಬದಲಾವಣೆ: ಆರು ದಿನ ಹಿಡಿಯುತ್ತಿದ್ದದ್ದು ಮೂರು ದಿನಕ್ಕೆ ಇಳಿದದ್ದು, 310 ಇದ್ದದ್ದು 90 ಆದದ್ದು.

ಮೂರನೆಯದನ್ನು ನೋಡಿದ ಕೂಡಲೇ ಕೈ ತುರಿಸುತ್ತದೆ. 310ರಿಂದ 90 ಎಂದರೆ ಶೇ. 71 ಇಳಿಕೆ. “ತಪ್ಪುಗಳನ್ನು ಶೇ. 71ರಷ್ಟು ಕಡಿಮೆ ಮಾಡಿದೆ” ಎಂದು ಬರೆದರೆ ಎಷ್ಟು ಚೆಂದ! ಆದರೆ ಅದು ಸುಳ್ಳು. ಮೊದಲ ತಿಂಗಳ 310ರಲ್ಲಿ 210 ತಪ್ಪೇ ಅಲ್ಲ, ಬರಹದ ವ್ಯತ್ಯಾಸ. ನಿಜವಾದ ತಪ್ಪುಗಳನ್ನು ಮಾಡಿದವರು ಅಂಗಡಿಯವರು, ಅವುಗಳನ್ನು ಕಡಿಮೆ ಮಾಡಲು ಅವಳು ಏನೂ ಮಾಡಿಲ್ಲ. ಅವಳ ಶೀಟು ಮಾಡಿದ ಉಪಕಾರ ಬೇರೆಯದು. ಕೈಯಿಂದ ಒಂದೊಂದಾಗಿ ನೋಡಬೇಕಾದ ಬಿಲ್‌ಗಳ ರಾಶಿಯನ್ನು ಅದು ತಗ್ಗಿಸಿತು. ಹಾಗೆಂದೇ ಬರೆಯಬೇಕು. ಶೇಕಡಾವಾರು ಬಿಟ್ಟು 310, 90 ಎಂಬ ಅಂಕಿಗಳನ್ನೇ ಕೊಟ್ಟರೆ ಓದುವವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ, ತಾವೇ ಹಾಕಿದ ಲೆಕ್ಕವನ್ನು ನಂಬುತ್ತಾರೆ ಕೂಡ. ಚಿಕ್ಕ ಸಂಖ್ಯೆಗಳಿಗೆ ಶೇಕಡಾವಾರು ಹೊಂದುವುದಿಲ್ಲ. ಆರು ದಿನ ಮೂರು ದಿನವಾದದ್ದನ್ನು “ಉತ್ಪಾದಕತೆ ದ್ವಿಗುಣ” ಎಂದರೆ ನಗು ಬರುತ್ತದೆ.

ಇನ್ನೂ ದೊಡ್ಡ ಪ್ರಲೋಭನೆ ರೂಪಾಯಿಯದು. ಮಾರಿದವರು ತೋರಿಸದೆ ಬಿಟ್ಟ 110 ಬಿಲ್‌ಗಳಲ್ಲಿ ಒಟ್ಟು ಜಿಎಸ್‌ಟಿ ₹3,80,000 ಎಂದಿಟ್ಟುಕೊಳ್ಳಿ. “ಗ್ರಾಹಕರಿಗೆ ₹3.8 ಲಕ್ಷ ಉಳಿಸಿದೆ” ಎಂಬ ಸಾಲು ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಆದರೆ ಏನೂ ಉಳಿದಿಲ್ಲ. ಮಾರಿದವರು ಮುಂದಿನ ತಿಂಗಳು ತೋರಿಸಿದರೆ ಆ ಕ್ರೆಡಿಟ್ ಮುಂದಿನ 2ಬಿಯಲ್ಲಿ ಬರುತ್ತದೆ, ತೋರಿಸದಿದ್ದರೆ ಬರುವುದಿಲ್ಲ. 14ರ ನಂತರ ಅವರಿಗೆ ಫೋನ್ ಮಾಡಿ ಬೈದರೂ ಈ ತಿಂಗಳಿಗೆ ಪ್ರಯೋಜನವಿಲ್ಲ. ಹಾಗಿದ್ದರೆ ಅವಳ ಪಟ್ಟಿಯಿಂದ ಆದ ಲಾಭವೇನು? ಅಂಗಡಿಯವರಿಗೆ ಈ ತಿಂಗಳು ಎಷ್ಟು ಕ್ರೆಡಿಟ್ ಸಿಗುವುದಿಲ್ಲ, ಅಂದರೆ ತೆರಿಗೆಗೆ ಕೈಯಿಂದ ಎಷ್ಟು ದುಡ್ಡು ಹೊಂದಿಸಬೇಕು ಎಂಬುದು ತಿಳಿಯಿತು. ಜುಲೈನಲ್ಲಿ ಅದು ತಿಳಿದದ್ದು ಕೊನೆಯ ದಿನ. ಆಗಸ್ಟ್‌ನಲ್ಲಿ ಮೂರು ದಿನ ಮೊದಲೇ. ತಿಂಗಳ ನಡುವೆ ಹಣ ಹೊಂದಿಸುವುದು ಏನೆಂದು ಬಲ್ಲ ಯಾವ ವ್ಯಾಪಾರಿಯೂ ಈ ಮೂರು ದಿನವನ್ನು ಹಗುರವಾಗಿ ಕಾಣುವುದಿಲ್ಲ.

ಅವಳ ಎರಡು ತಿಂಗಳ ನಿಜವಾದ ಫಲಿತಾಂಶ ಇದು. ಆದರೆ ಇದು ಎಕ್ಸೆಲ್ ಶೀಟಿನಲ್ಲಿ ಎಲ್ಲೂ ಬರೆದಿಲ್ಲ. “ಸರ್, ಈ ಪಟ್ಟಿ ಕೊಟ್ಟ ಮೇಲೆ ಅವರು ಏನು ಮಾಡ್ತಾರೆ?” ಎಂದು ಸೀನಿಯರ್‌ಗೆ ಒಂದು ಮಾತು ಕೇಳಿದವಳಿಗೆ ಮಾತ್ರ ಗೊತ್ತಾಗುತ್ತದೆ. ಇಂಟರ್ನ್‌ಗಳು ತಮ್ಮ ಕೆಲಸಕ್ಕೆ ಫಲಿತಾಂಶವೇ ಇಲ್ಲ ಎನ್ನುವಾಗ ನನಗೆ ಅನ್ನಿಸುವುದು, ಅವರು ತಮ್ಮ ಕೆಲಸ ಮುಂದೆ ಯಾರ ಕೈಗೆ ಹೋಯಿತು ಎಂದು ಕೇಳಿರುವುದಿಲ್ಲ ಅಷ್ಟೇ.

ಹೀಗೆ ಬಿಡಿಸಿ ನೋಡಿದ ಮೇಲೆ ಸಾಲುಗಳು ತಾವಾಗಿಯೇ ರೂಪ ತಾಳುತ್ತವೆ. ಕನ್ನಡದಲ್ಲಿ ಬರೆದುಕೊಂಡರೆ ಹೀಗೆ. ಇಂಗ್ಲಿಷಿಗೆ ಹಾಕುವಾಗ ಕೊನೆಯ ಕ್ರಿಯಾಪದ ಮೊದಲಿಗೆ ಬರುತ್ತದೆ.

ಬಿಲ್ ನಂಬರಿನ ಬರಹದ ವ್ಯತ್ಯಾಸವನ್ನು ಸರಿದೂಗಿಸುವ ಎಕ್ಸೆಲ್ ಶೀಟ್ ರೂಪಿಸಿ, ಕೈಯಿಂದ ಪರಿಶೀಲಿಸಬೇಕಾದ ಬಿಲ್‌ಗಳನ್ನು 1,130ಕ್ಕೆ 310ರಿಂದ 1,270ಕ್ಕೆ 90ಕ್ಕೆ, ಕೆಲಸದ ಅವಧಿಯನ್ನು ಆರು ದಿನದಿಂದ ಮೂರು ದಿನಕ್ಕೆ ಇಳಿಸಿದ್ದು.

ಆರು ವ್ಯಾಪಾರ ಸಂಸ್ಥೆಗಳ ಎರಡು ತಿಂಗಳ 2,400 ಖರೀದಿ ಬಿಲ್‌ಗಳನ್ನು ಜಿಎಸ್‌ಟಿಆರ್-2ಬಿ ಜತೆ ತಾಳೆ ನೋಡಿ, ಹೊಂದದ 400 ಬಿಲ್‌ಗಳನ್ನು ಕಾರಣದ ಪ್ರಕಾರ ವಿಂಗಡಿಸಿದ್ದು.

ಮಾರಾಟಗಾರರು ತೋರಿಸದ 110 ಬಿಲ್‌ಗಳ ಪಟ್ಟಿ ತಯಾರಿಸಿ 3ಬಿ ತೆರಿಗೆ ಲೆಕ್ಕಕ್ಕೆ ನೆರವಾದದ್ದು. ಎರಡನೇ ತಿಂಗಳ ಪಟ್ಟಿಯನ್ನು ಕೊನೆಯ ದಿನಕ್ಕಿಂತ ಮೂರು ದಿನ ಮೊದಲು ಒಪ್ಪಿಸಿದ್ದು.

ಮೂರೇ ಸಾಲು. ಆಫೀಸಿನಲ್ಲಿ ಅವಳು ಜೆರಾಕ್ಸ್ ಮಾಡಿಸಿದ್ದಾಳೆ, ಫೈಲು ಜೋಡಿಸಿದ್ದಾಳೆ, ಬ್ಯಾಂಕಿಗೆ ಓಡಿದ್ದಾಳೆ. ಅದ್ಯಾವುದೂ ಇಲ್ಲಿ ಬೇಕಿಲ್ಲ. ಟ್ಯಾಲಿಯಲ್ಲಿ ವೋಚರ್ ಎಂಟ್ರಿ ಹೊಡೆದದ್ದು ಒಂದಿಷ್ಟಿದ್ದರೆ, ಕೇಳಿರುವ ಕೆಲಸ ಅಕೌಂಟ್ಸ್ ಎಕ್ಸಿಕ್ಯುಟಿವ್‌ದಾದರೆ ಮಾತ್ರ ನಾಲ್ಕನೆಯ ಸಾಲಾಗಿ ಬರಲಿ. ಎಕ್ಸೆಲ್ ಶೀಟಿನ ಸಾಲನ್ನು ಮೊದಲು ಇಟ್ಟಿರುವುದಕ್ಕೂ ಕಾರಣವಿದೆ. ರೆಸ್ಯೂಮೆ ಮೇಲೆ ಮೊದಲ ಸಲ ಕಣ್ಣಾಡಿಸಲು ನೇಮಕಾತಿಯವರು ತೆಗೆದುಕೊಳ್ಳುವ ಸಮಯ ಸರಾಸರಿ 7.4 ಸೆಕೆಂಡ್ ಎಂದು ಲ್ಯಾಡರ್ಸ್ ಎಂಬ ಅಮೆರಿಕದ ಉದ್ಯೋಗ ತಾಣ 2018ರ ತನ್ನ ಅಧ್ಯಯನದಲ್ಲಿ ಹೇಳಿತ್ತು. ಸೆಕೆಂಡಿನ ಲೆಕ್ಕ ಎಲ್ಲ ಕಡೆಗೂ ಹೊಂದಬೇಕಿಲ್ಲ. ಅವಸರದ ಓದು ಎಂಬುದಂತೂ ಎಲ್ಲ ಕಡೆಯ ಕತೆ, ಕೆಳಗಿನ ಸಾಲಿಗೆ ಕಣ್ಣು ಇಳಿಯುತ್ತದೆಂಬ ಭರವಸೆ ಇಲ್ಲ. ಎಂಐಎಸ್ ಅಥವಾ ಡೇಟಾ ಕೆಲಸಕ್ಕೆ ಅರ್ಜಿಯಾದರೆ ಶೀಟಿನ ಸಾಲೇ ಮೊದಲಿಗೆ ಸರಿ. ಜಿಎಸ್‌ಟಿ ಕೆಲಸಕ್ಕೇ ಆದರೆ 2,400 ಬಿಲ್‌ಗಳ ಸಾಲನ್ನು ಮೇಲೆ ತಂದು ಶೀಟನ್ನು ಎರಡನೆಯದಾಗಿ ಇಡಬಹುದು. ಜಾಹೀರಾತಿನಲ್ಲಿ “ಜಿಎಸ್‌ಟಿ ರಿಕನ್ಸಿಲಿಯೇಷನ್” ಎಂದಿದ್ದರೆ ಅದೇ ಪದ ಸಾಲಿನಲ್ಲಿರಲಿ. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಸಾಫ್ಟ್‌ವೇರ್‌ನಲ್ಲಿ ಪದ ಹಾಕಿ ಹುಡುಕುತ್ತಾರೆ, “ಬಿಲ್ ಮ್ಯಾಚಿಂಗ್” ಎಂದು ಬರೆದವಳು ಆ ಹುಡುಕಾಟದಲ್ಲಿ ಸಿಗದೆ ಹೋಗಬಹುದು.

ಮೂರು ಸಾಲಿನಲ್ಲಿ ಎಲ್ಲೂ ಅಂಗಡಿಯ ಹೆಸರಿಲ್ಲ, ₹3,80,000 ಕೂಡ ಇಲ್ಲ. ಇದು ಮರೆವಲ್ಲ. ಗ್ರಾಹಕರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ಸಿಎಗಳಿಗೆ ವೃತ್ತಿಪರ ದುರ್ನಡತೆ. ಇಂಟರ್ನ್ ಸಿಎ ಅಲ್ಲದಿರಬಹುದು, ಆದರೆ ಅವಳು ಕೂತಿದ್ದ ಆಫೀಸು ಆ ನಿಯಮಕ್ಕೆ ಕಟ್ಟುಬಿದ್ದದ್ದು. ದಾವಣಗೆರೆಯಂಥ ಊರಿನಲ್ಲಿ “ಪ್ರಮುಖ ಬಟ್ಟೆ ಅಂಗಡಿಯ ₹3.8 ಲಕ್ಷ ಕ್ರೆಡಿಟ್” ಎಂದು ಬರೆದರೂ ಸಾಕು, ಯಾರ ಅಂಗಡಿ ಎಂದು ಜನ ಊಹಿಸುತ್ತಾರೆ. ಬಿಲ್‌ಗಳ ಎಣಿಕೆಯಿಂದ ಯಾರ ಗುಟ್ಟೂ ಹೊರಬೀಳುವುದಿಲ್ಲ. ಆದರೂ ಇಂಟರ್ನ್‌ಶಿಪ್ ಮುಗಿಯುವ ಮೊದಲೇ ಸಾಲುಗಳನ್ನು ಸೀನಿಯರ್‌ಗೆ ಒಮ್ಮೆ ತೋರಿಸಿ ಒಪ್ಪಿಸಿಕೊಳ್ಳುವುದು ಒಳ್ಳೆಯದು. ಹಾಗೆ ತೋರಿಸಿದಾಗ ಅವರೇ “ಇದೂ ಮಾಡಿದ್ಯಲ್ಲಮ್ಮ, ಬರಿ” ಎಂದು ಮರೆತುಹೋದ ಇನ್ನೊಂದನ್ನು ಸೇರಿಸುವುದೂ ಉಂಟು.

ಕೆಲಸ ಬಿಟ್ಟು ಆರು ತಿಂಗಳಾದ ಮೇಲೆ ರೆಸ್ಯೂಮೆ ಬರೆಯಲು ಕೂತವರಿಗೆ ಇಷ್ಟು ನಿಖರ ಅಂಕಿ ಸಿಗುವುದು ಕಷ್ಟ. ಕಡತಗಳು ಆಫೀಸಿನವು, ಮನೆಗೆ ತರುವಂತಿಲ್ಲ, ತರಲೂಬಾರದು. ಅಂಕಿಗಳನ್ನು ಮಾತ್ರ ಅಲ್ಲಿರುವಾಗಲೇ ಎಣಿಸಿ ಬರೆದಿಟ್ಟುಕೊಳ್ಳಬಹುದು. ಶೀಟಿನ ಒಂದು ಕಾಲಂನಲ್ಲಿ ಪ್ರತಿ ಬಿಲ್‌ನ ಮುಂದೆ ಕಾರಣ ನಮೂದಿಸಿದ್ದರೆ ಎಣಿಕೆ ಒಂದು ಸಾಲಿನ ಕೆಲಸ.

```
=COUNTIF(F:F,"Not in 2B")
```

ಬಹಳಷ್ಟು ಕಾಲೇಜುಗಳು ಇಂಟರ್ನ್‌ಶಿಪ್ ಡೈರಿ ಬರೆಸಿ ಗೈಡ್ ಸಹಿ ಮಾಡಿಸಿಕೊಳ್ಳುತ್ತವೆ. ವಿದ್ಯಾರ್ಥಿಗಳು ಅದನ್ನು ಹಿಂದಿನ ರಾತ್ರಿ ಕೂತು “ಇಂದು ಟ್ಯಾಲಿ ಕಲಿತೆ” ಎಂದು ಒಂದೇ ಉಸಿರಿಗೆ ತುಂಬಿಸುತ್ತಾರೆ. ಅದೇ ಡೈರಿಯಲ್ಲಿ “ಇಂದು ಮೂರನೇ ಅಂಗಡಿ, 190 ಬಿಲ್, 52 ಹೊಂದಲಿಲ್ಲ, ಸಂಜೆ ಏಳಕ್ಕೆ ಮುಗಿಯಿತು” ಎಂದು ದಿನಕ್ಕೊಂದು ಸಾಲು ಇದ್ದರೆ ರೆಸ್ಯೂಮೆಯ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ಡೈರಿ ಇಲ್ಲದವರು ಸೀನಿಯರ್‌ಗೆ ಕಳಿಸಿದ ಮೇಲ್, ವಾಟ್ಸ್‌ಆ್ಯಪ್ ಸಂದೇಶಗಳ ತಾರೀಖು ನೋಡಬಹುದು. ಯಾವ ಪಟ್ಟಿ ಯಾವ ದಿನ ಹೋಯಿತು ಎಂಬುದಾದರೂ ಅಲ್ಲಿ ಸಿಗುತ್ತದೆ. ಅದೂ ಇಲ್ಲವಾದರೆ “ಸುಮಾರು 2,000” ಎಂದು ಬರೆಯಲು ಅಡ್ಡಿಯಿಲ್ಲ, ಅದು ನಿಜಕ್ಕೂ ಅಷ್ಟರ ಸುಮಾರಿನಲ್ಲಿದ್ದರೆ.

ಇನ್ನೊಂದು ಬಗೆಯ ಇಂಟರ್ನ್‌ಶಿಪ್ ಬಗ್ಗೆಯೂ ಹೇಳಬೇಕು. ಕಾಲೇಜಿಗೆ ಸರ್ಟಿಫಿಕೇಟ್ ಬೇಕು ಎಂಬ ಒಂದೇ ಕಾರಣಕ್ಕೆ ದುಡ್ಡು ಕಟ್ಟಿ ಸೇರಿ, ವಾರಕ್ಕೆರಡು ಆನ್‌ಲೈನ್ ಪಾಠ ಕೇಳಿ ಮುಗಿಸುವಂಥದ್ದು. ಅಲ್ಲಿ ಕೆಲಸವೇ ನಡೆದಿರುವುದಿಲ್ಲ, ಕ್ರಿಯಾಪದ ಎಲ್ಲಿಂದ ಬರಬೇಕು? ಅದನ್ನು ಎಳೆದಾಡಿ ಬುಲೆಟ್ ಸಾಲು ಮಾಡುವುದಕ್ಕಿಂತ ತರಬೇತಿ ಎಂಬ ತಲೆಬರಹದ ಕೆಳಗೆ ಒಂದೇ ಸಾಲಿನಲ್ಲಿ ಬರೆದು, ಅಲ್ಲಿ ಮಾಡಿದ ಪ್ರಾಜೆಕ್ಟ್ ಏನಾದರೂ ಇದ್ದರೆ ಅದನ್ನು ಪ್ರಾಜೆಕ್ಟ್ ಎಂದೇ ಬೇರೆ ಇಡುವುದು ಮೇಲು.

ಮೂರು ಸಾಲು ಹಾಕಿ ಅರ್ಜಿ ಕಳಿಸಿದರೆ ಸಂದರ್ಶನದ ಪ್ರಶ್ನೆಗಳೂ ಆ ಸಾಲುಗಳಿಂದಲೇ ಹುಟ್ಟುತ್ತವೆ. ಇದು ಅಭ್ಯರ್ಥಿಗೇ ಅನುಕೂಲ. “ಜಿಎಸ್‌ಟಿ ಬಗ್ಗೆ ಹೇಳಿ” ಎಂಬ ತಳವಿಲ್ಲದ ಪ್ರಶ್ನೆ ತಪ್ಪಿ, ತಾನೇ ಮಾಡಿದ ಕೆಲಸದ ಬಗ್ಗೆ ಪ್ರಶ್ನೆ ಬರುತ್ತದೆ. ಆದರೆ ತಯಾರಿ ಬೇಕು. ಅಕೌಂಟ್ಸ್ ಬಲ್ಲವರು ಮೊದಲು ಕೇಳುವುದು ಬಹುಶಃ ಇದನ್ನು: “ಆರು ದಿನ ಮೂರು ದಿನ ಆಗಿದ್ದು ನಿಮ್ಮ ಶೀಟಿನಿಂದಲೋ, ಎರಡನೇ ತಿಂಗಳಿಗೆ ನಿಮಗೇ ಕೈ ಪಳಗಿತ್ತೋ?” ಎರಡೂ ಸೇರಿದೆ ಎಂಬುದು ನಿಜವಾದ ಉತ್ತರ. ಶೀಟಿನ ಪಾಲು ಯಾವುದು ಎಂದು ತೋರಿಸಲು ಅವಳ ಬಳಿ ಅಂಕಿಯಿದೆ. ಬರಹದ ವ್ಯತ್ಯಾಸದ ಬಿಲ್‌ಗಳು 210ರಿಂದ 10ಕ್ಕೆ ಇಳಿದದ್ದು ಶೀಟಿನಿಂದ, ಉಳಿದವನ್ನು ಬೇಗ ವಿಂಗಡಿಸಿದ್ದು ಅಭ್ಯಾಸದಿಂದ.

ಎಕ್ಸೆಲ್ ಬಲ್ಲವರಾದರೆ ಇನ್ನೂ ಒಳಗೆ ಇಳಿಯುತ್ತಾರೆ. “ಗೆರೆಗಳನ್ನೆಲ್ಲ ತೆಗೆದುಬಿಟ್ಟರೆ ಒಬ್ಬರದೇ 2/31 ಮತ್ತು 23/1 ಎಂಬ ಎರಡು ಬೇರೆ ಬಿಲ್ ಒಂದೇ ಆಗಿಬಿಡಲ್ವಾ?” ಆಗುತ್ತವೆ, ಎರಡೂ 231. ಆಗ ತಾಳೆಯಾಗದ ಬಿಲ್ ತಾಳೆಯಾದಂತೆ ಕಾಣುತ್ತದೆ, ಅದು ತಾಳೆಯಾಗದೆ ಉಳಿಯುವುದಕ್ಕಿಂತ ದೊಡ್ಡ ತೊಂದರೆ. ಬಿಲ್ ನಂಬರ್ ಹೊಂದಿದ ಮೇಲೆ ತೆರಿಗೆ ಮೊತ್ತವನ್ನೂ ಹೋಲಿಸುವ ಇನ್ನೊಂದು ಕಾಲಂ ಇಟ್ಟಿದ್ದರೆ ಅದನ್ನು ಹೇಳಬೇಕು. ಇಟ್ಟಿರದಿದ್ದರೆ ಈಗ ಇಡುತ್ತೇನೆ ಎಂದು, ಹೇಗೆ ಇಡುತ್ತೇನೆ ಎಂಬುದನ್ನು ಸೇರಿಸಿ ಹೇಳಬೇಕು. ಶೀಟನ್ನು ತಾನೇ ಕಟ್ಟಿದವಳಿಗೆ ಈ ಉತ್ತರ ಅಲ್ಲಿ ಕೂತೇ ಹೊಳೆಯುತ್ತದೆ. ಬೇರೆಯವರ ಶೀಟಿಗೆ “ಬಿಲ್ಟ್” ಎಂದು ಬರೆದುಕೊಂಡವಳಿಗೆ ಹೊಳೆಯುವುದಿಲ್ಲ.